ಒಂದು ಸೇತುವೆ, ಹತ್ತು ವರ್ಷ: ಮಕ್ಕಳು ಕಟ್ಟುವ ಆಟಿಕೆಗಳನ್ನು ಯಾವಾಗ, ಹೇಗೆ ಬದಲಿಸಬೇಕು

ಮಕ್ಕಳ ಕೈಗೆ ಕಟ್ಟುವ ಆಟಿಕೆಗಳನ್ನು ಕೊಡುವಾಗ ನಮ್ಮಲ್ಲಿ ಬಹುತೇಕರು ನೋಡುವುದು ಪೆಟ್ಟಿಗೆಯ ಮೇಲಿರುವ ವಯಸ್ಸನ್ನು ಮತ್ತು ಒಳಗಿರುವ ತುಂಡುಗಳ ಸಂಖ್ಯೆಯನ್ನು. ಆದರೆ ಮಗು ಬೆಳೆದಂತೆ ನಿಜವಾಗಿ ಬದಲಾಗಬೇಕಾದದ್ದು ತುಂಡುಗಳ ಸಂಖ್ಯೆಯಲ್ಲ, ಒಂದು ತುಂಡು ಇನ್ನೊಂದಕ್ಕೆ ಹಿಡಿದುಕೊಳ್ಳುವ ಬಗೆ. ಮೊದಲು ತೂಕದಿಂದಷ್ಟೇ ನಿಲ್ಲುವ ತುಂಡು, ಅನಂತರ ಒತ್ತಿದರೆ ಕಚ್ಚಿಕೊಳ್ಳುವ ತುಂಡು, ಆಮೇಲೆ ನಟ್ಟು ಬೋಲ್ಟು ಹಾಕಿ ಬಿಗಿಯುವ ಪಟ್ಟಿ, ಕೊನೆಗೆ ತಿರುಗುವ ಹಲ್ಲುಚಕ್ರ ಎಂಬುದು ಸರಿಯಾದ ಅನುಕ್ರಮ. ಈ ಬರಹದಲ್ಲಿ ಆ ಅನುಕ್ರಮವನ್ನು ಸೇತುವೆ ಕಟ್ಟುವ ಆಟದ ಮೂಲಕ ವಿವರಿಸಿದ್ದೇನೆ. ಎರಡೂವರೆ ವರ್ಷದ ಮಗುವೂ ಒಂಬತ್ತು ವರ್ಷದ ಮಗುವೂ ಸೇತುವೆ ಕಟ್ಟಬಲ್ಲರು, ಆದರೆ ಇಬ್ಬರಿಗೂ ಎದುರಾಗುವ ಕಷ್ಟ ಬೇರೆ ಬೇರೆ.

ಒಂದರಿಂದ ಎರಡು ವರ್ಷ: ಹಗುರವಾದ ಕೆಲವೇ ತುಂಡುಗಳು

ಈ ವಯಸ್ಸಿನ ಮಗುವಿಗೆ ಕಟ್ಟುವುದಕ್ಕಿಂತ ಹೊತ್ತುಕೊಂಡು ಹೋಗುವುದು, ಡಬ್ಬಿಗೆ ಹಾಕಿ ಸುರಿಯುವುದು, ದೊಡ್ಡವರು ಕಟ್ಟಿದ್ದನ್ನು ಕೆಡವುವುದು ಮುಖ್ಯ. ಸಾಮಾನ್ಯವಾಗಿ ಹದಿನೈದು ತಿಂಗಳ ಆಸುಪಾಸಿನಲ್ಲಿ ಎರಡು, ಹದಿನೆಂಟು ತಿಂಗಳಲ್ಲಿ ಮೂರು, ಎರಡು ವರ್ಷ ತುಂಬುವಾಗ ಆರು ಘನಗಳನ್ನು ಮಗು ಒಂದರ ಮೇಲೊಂದು ಇಡುತ್ತದೆ. ಆದ್ದರಿಂದ ನಾಲ್ಕೈದು ಸೆಂ.ಮೀ. ಅಳತೆಯ ಎಂಟು ಹತ್ತು ಹಗುರ ಘನಗಳಿದ್ದರೆ ಸಾಕು. ಬಟ್ಟೆಯದಾದರೂ ಆದೀತು, ಆದರೆ ಮೆತ್ತನೆಯ ಬಟ್ಟೆಯ ಘನಗಳು ನೆಟ್ಟಗೆ ನಿಲ್ಲುವುದಿಲ್ಲವಾದ್ದರಿಂದ ಹದಿನೆಂಟು ತಿಂಗಳು ದಾಟಿದ ಮೇಲೆ ಮರದವೇ ಬೇಕಾಗುತ್ತವೆ.

ಮೈಸೂರಿನವರು ಬೆಂಗಳೂರಿಗೆ ಹೋಗಿಬರುವ ದಾರಿಯಲ್ಲಿ ಚನ್ನಪಟ್ಟಣದಲ್ಲಿ ನಿಲ್ಲಿಸಿ ಅರಗು ಬಣ್ಣದ ಆಟಿಕೆಗಳನ್ನು ತರುವುದು ರೂಢಿ. ಈ ಹಂತಕ್ಕೆ ಅವು ಹೇಳಿ ಮಾಡಿಸಿದಂತಿವೆ. ಒಂದು ವಿಷಯ ಮಾತ್ರ ತಿಳಿದಿರಬೇಕು: ಅಲ್ಲಿನ ಕೆಲಸ ಚರಕಿಯ ಮೇಲೆ ತಿರುಗಿಸಿ ಕಡೆಯುವ ಕೆಲಸವಾದ್ದರಿಂದ ಆ ಆಟಿಕೆಗಳು ಹೆಚ್ಚಾಗಿ ದುಂಡಗಿರುತ್ತವೆ. ಕಡ್ಡಿಗೆ ಪೋಣಿಸುವ ಬಳೆ, ಉರುಳೆ, ಗುಂಡು ಇವೆಲ್ಲ ಹಾಕುವ ತೆಗೆಯುವ ಆಟಕ್ಕೆ ಒಳ್ಳೆಯವು, ಪೇರಿಸುವುದಕ್ಕಲ್ಲ. ಚಪ್ಪಟೆ ಮುಖದ ತುಂಡುಗಳನ್ನು ಬೇರೆಯಾಗಿಯೇ ಹೊಂದಿಸಿಕೊಳ್ಳಬೇಕು.

ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ಆದರೆ ನೋಂದಾಯಿತ ಕುಶಲಕರ್ಮಿಗಳ ಆಟಿಕೆಗಳಿಗೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೂ ಇದರಿಂದ ವಿನಾಯಿತಿ ಇದೆ. ಹೀಗಾಗಿ ಚನ್ನಪಟ್ಟಣದ ಆಟಿಕೆಯ ಮೇಲೆ ಮುದ್ರೆ ಇಲ್ಲದಿದ್ದರೆ ಅದು ಕಳಪೆಯೆಂದು ಅರ್ಥವಲ್ಲ, ಪರೀಕ್ಷೆ ನಮ್ಮ ಕೈಯಲ್ಲಿದೆ ಎಂದಷ್ಟೇ ಅರ್ಥ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಚೆನ್ನಾಗಿ ಉಜ್ಜಿ ನೋಡಿರಿ. ಬಣ್ಣ ಬಟ್ಟೆಗೆ ಹತ್ತಿದರೆ ಅದನ್ನು ಬಾಯಿಗಿಡುವ ಮಗುವಿಗೆ ಕೊಡಬೇಡಿ.

ಗಾತ್ರವನ್ನು ಪರೀಕ್ಷಿಸುವ ಒಂದು ಸುಲಭ ಉಪಾಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಎಲ್ಲ ಹಂತಗಳಲ್ಲಿಯೂ ಅದು ಬೇಕಾಗುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪ್ರಯೋಗಾಲಯದಲ್ಲಿ 31.7 ಮಿ.ಮೀ. ವ್ಯಾಸದ ಒಂದು ಕೊಳವೆಗೆ ಹಾಕಿ ನೋಡುತ್ತಾರೆ. ಅದರೊಳಗೆ ಪೂರ್ತಿ ಮುಳುಗುವ ತುಂಡು ಗಂಟಲಿಗೆ ಸಿಕ್ಕಿಕೊಳ್ಳಬಹುದೆಂದು ಲೆಕ್ಕ. ಅಂತಹ ಕೊಳವೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ದಪ್ಪ ಕಾಗದವನ್ನು 10 ಸೆಂ.ಮೀ. ಉದ್ದ, 5.7 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಉದ್ದದ ಎರಡು ತುದಿಗಳನ್ನು ಒಂದರ ಮೇಲೊಂದು ಬಾರದಂತೆ ಸೇರಿಸಿ ಹೊರಗಿನಿಂದ ಟೇಪು ಅಂಟಿಸಿದರೆ ಹೆಚ್ಚುಕಡಿಮೆ ಅದೇ ಅಳತೆಯ ಕೊಳವೆ ಸಿದ್ಧ. ಯಾವ ಕೋನದಲ್ಲಿ ಹಿಡಿದು ಹಾಕಿದರೂ ತುಂಡು ಇದರೊಳಗೆ ಪೂರ್ತಿ ಇಳಿಯಬಾರದು. ಈ ಕೊಳವೆಯನ್ನು ಆಟಿಕೆಯ ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡಿರುವುದು ಒಳ್ಳೆಯದು.

ಎರಡರಿಂದ ಐದು ವರ್ಷ: ಲೆಕ್ಕವಿಟ್ಟು ಕೊಯ್ದ ಮರದ ಬ್ಲಾಕುಗಳು

ಮಗು ಆರು ತುಂಡುಗಳ ಗೋಪುರವನ್ನು ಕೈ ನಡುಗದೆ ನಿಲ್ಲಿಸಿತೆಂದರೆ, ಅಥವಾ ತುಂಡುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸತೊಡಗಿತೆಂದರೆ, ಘನಗಳ ಕಾಲ ಮುಗಿಯಿತು. ಈಗ ಬೇಕಾದವು ಪರಸ್ಪರ ಅಳತೆಯ ಸಂಬಂಧವಿರುವ ಬ್ಲಾಕುಗಳು. ಅಮೆರಿಕದ ಶಿಕ್ಷಕಿ ಕ್ಯಾರೊಲಿನ್ ಪ್ರ್ಯಾಟ್ ಕಳೆದ ಶತಮಾನದ ಆರಂಭದಲ್ಲಿ ರೂಪಿಸಿದ ಅಳತೆಯೇ ಇಂದಿಗೂ ಶಿಶುವಿಹಾರಗಳಲ್ಲಿ ನಡೆಯುತ್ತಿದೆ. ಅದರಲ್ಲಿ ದಪ್ಪ, ಅಗಲ ಮತ್ತು ಉದ್ದಗಳು ಒಂದು, ಎರಡು, ನಾಲ್ಕರ ಪ್ರಮಾಣದಲ್ಲಿರುತ್ತವೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ 3.5 ಸೆಂ.ಮೀ. ದಪ್ಪ, 7 ಸೆಂ.ಮೀ. ಅಗಲ, 14 ಸೆಂ.ಮೀ. ಉದ್ದ. ಎರಡು ಅರ್ಧ ತುಂಡುಗಳು ಸೇರಿದರೆ ಒಂದು ಪೂರ್ಣ ತುಂಡು, ಎರಡು ಪೂರ್ಣ ತುಂಡುಗಳು ಸೇರಿದರೆ 28 ಸೆಂ.ಮೀ.ಯ ಒಂದು ಜೋಡಿ ತುಂಡು. ಈ ಸಮಾನತೆಯೇ ಆಟದ ತಿರುಳು.

ಇದನ್ನು ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ಬಡಗಿಯ ಕೈಯಲ್ಲಿ ಮಾಡಿಸುವುದು ಮೈಸೂರು ಮಂಡ್ಯದ ಕಡೆ ಇನ್ನೂ ಸಾಧ್ಯವಿದೆ, ನನ್ನ ಮಟ್ಟಿಗೆ ಅದೇ ಮೇಲು. ಒಂದು ಮಗುವಿಗೆ ಇಪ್ಪತ್ತು ಪೂರ್ಣ ತುಂಡು, ಹತ್ತು ಅರ್ಧ ತುಂಡು, ಎಂಟು ಜೋಡಿ ತುಂಡು ಮತ್ತು 14 ಸೆಂ.ಮೀ. ಉದ್ದದ, ನಾಲ್ಕೂ ಕಡೆ 3.5 ಸೆಂ.ಮೀ. ಇರುವ ಆರು ಕಂಬಗಳಿದ್ದರೆ ಒಳ್ಳೆಯ ಆರಂಭ. ಇಷ್ಟಕ್ಕೆ ಅರ್ಧ ಸಿಎಫ್‌ಟಿಗಿಂತ, ಅಂದರೆ ಅರ್ಧ ಘನ ಅಡಿಗಿಂತ, ತುಸು ಹೆಚ್ಚು ಮರ ಹಿಡಿಯುತ್ತದೆ. ಕೊಯ್ಯುವಾಗ ಆಗುವ ನಷ್ಟ ಸೇರಿಸಿ ಮುಕ್ಕಾಲು ಸಿಎಫ್‌ಟಿ ತೆಗೆದುಕೊಂಡರೆ ಸಾಕು. ಬಾಗಿಲು ಕಿಟಕಿ ಮಾಡಿ ಉಳಿದ ತೇಗ, ಹೊನ್ನೆ ಅಥವಾ ಹಲಸಿನ ತುಂಡುಗಳಿದ್ದರೂ ಆಗುತ್ತದೆ, ಆದರೆ ಮರ ಚೆನ್ನಾಗಿ ಆರಿರಬೇಕು. ಹಸಿ ಮರದಲ್ಲಿ ಮಾಡಿಸಿದರೆ ಬೇಸಿಗೆ ಕಳೆಯುವಷ್ಟರಲ್ಲಿ ಅಗಲ ದಪ್ಪಗಳು ಕುಗ್ಗುತ್ತವೆ. ಉದ್ದ ಮಾತ್ರ ಹಾಗೆಯೇ ಇರುವುದರಿಂದ ಪ್ರಮಾಣ ತಪ್ಪುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. 14 ಸೆಂ.ಮೀ. ತುಂಡನ್ನು ನಟ್ಟನಡುವೆ ಕೊಯ್ದರೆ ಎರಡು ಅರ್ಧಗಳು ಸಿಗುತ್ತವೆಂದು ಬಡಗಿ ಭಾವಿಸುತ್ತಾರೆ, ಆದರೆ ಗರಗಸದ ಹಲ್ಲು ಮೂರು ಮಿ.ಮೀ.ನಷ್ಟು ಮರವನ್ನು ಪುಡಿ ಮಾಡಿ ತಿಂದಿರುತ್ತದೆ. ಆಗ ಎರಡು ಅರ್ಧಗಳನ್ನು ಜೋಡಿಸಿದರೆ 13.7 ಸೆಂ.ಮೀ. ಮಾತ್ರ ಬರುತ್ತದೆ. ಎರಡು ಅರ್ಧಗಳನ್ನು ಒಂದರ ಮೇಲೊಂದು ನಿಲ್ಲಿಸಿ ಪಕ್ಕದಲ್ಲಿ ಒಂದು ಪೂರ್ಣ ತುಂಡನ್ನು ನಿಲ್ಲಿಸಿದರೆ ತಲೆಗಳು ಸಮವಾಗುವುದಿಲ್ಲ, ಮೇಲಿಟ್ಟ ಹಲಗೆ ವಾಲುತ್ತದೆ. "ಮಕ್ಕಳ ಆಟದ ಸಾಮಾನಿಗೆ ಇಷ್ಟೊಂದು ಲೆಕ್ಕ ಯಾಕೆ ಸಾರ್?" ಎಂದು ಅವರು ಕೇಳಿಯೇ ಕೇಳುತ್ತಾರೆ. ಪ್ರತಿ ತುಂಡನ್ನೂ ಕೊಯ್ದ ಮೇಲೆ ಮುಂದಿನದಕ್ಕೆ ಹೊಸದಾಗಿ ಅಳತೆ ಹಾಕಬೇಕೆಂದು ಮೊದಲೇ ಹೇಳಿಟ್ಟರೆ ಈ ತೊಂದರೆ ಬರುವುದಿಲ್ಲ. ತುಂಡುಗಳನ್ನು ಪಡೆಯುವಾಗ ಸಮತಟ್ಟಾದ ಟೈಲ್ಸ್ ಮೇಲೆ ಒಂದೇ ಬಗೆಯ ನಾಲ್ಕನ್ನು ಒತ್ತಾಗಿ ನಿಲ್ಲಿಸಿ ತಲೆಯ ಮೇಲೆ ಸ್ಕೇಲನ್ನು ಅಡ್ಡಲಾಗಿ ಇಟ್ಟು ನೋಡಿರಿ. ಬೆಳಕು ತೂರಿಬರುವ ಸಂದಿದ್ದರೆ ತಿದ್ದಿಸಬೇಕು. ಅಂಚುಗಳನ್ನು ಮರಳು ಕಾಗದದಿಂದ ಸ್ವಲ್ಪವೇ ದುಂಡಗೆ ಮಾಡಿಸಿ. ವಾರ್ನಿಷ್ ಬೇಡ, ಅದು ಮುಖಗಳನ್ನು ಜಾರಿಸುತ್ತದೆ.

ಒಂದು ಪೂರ್ಣ ತುಂಡು ಸುಮಾರು 220 ಗ್ರಾಂ, ಜೋಡಿ ತುಂಡು ಅದರ ಎರಡರಷ್ಟು ತೂಗುತ್ತದೆ. ಎರಡು ವರ್ಷಕ್ಕೆ ಮೊದಲು ಇದನ್ನು ಕೊಡಬಾರದೆನ್ನುವುದು ಈ ತೂಕದಿಂದಲೇ. ಎದೆಯೆತ್ತರದಿಂದ ಕಾಲ ಮೇಲೆ ಬಿದ್ದರೆ ನೋವಾಗುತ್ತದೆ. ಆದರೆ ನಿಲ್ಲಲು ಈ ತೂಕವೇ ಬೇಕು. ಥರ್ಮಾಕೋಲಿನಂತೆ ಹಗುರವಾದ ಬ್ಲಾಕುಗಳಿಂದ ಕಟ್ಟಿದ್ದು ಫ್ಯಾನಿನ ಗಾಳಿಗೆ ಅಲುಗುತ್ತದೆ.

ಮೂರು ವರ್ಷದ ಹೊತ್ತಿಗೆ ಮಗು ಎರಡು ತುಂಡುಗಳನ್ನು ದೂರವಿಟ್ಟು ಮೇಲೆ ಮೂರನೆಯದನ್ನು ಅಡ್ಡ ಇಡಲು ಕಲಿಯುತ್ತದೆ. ಅದೇ ಮೊದಲ ಸೇತುವೆ. ಬಹಳ ಸಲ ಕಂಬಗಳ ನಡುವಿನ ಅಂತರ ಹೆಚ್ಚಾಗಿ ಹಲಗೆ ಕೆಳಗೆ ಬೀಳುತ್ತದೆ. ಆಗ ಕಂಬವನ್ನು ಹತ್ತಿರಕ್ಕೆ ಸರಿಸುವುದು ಅಜ್ಜಿ ತಾತಂದಿರ ಅಭ್ಯಾಸ. ಹಾಗೆ ಮಾಡದೆ ಬಿಟ್ಟರೆ ಮಗು ತಾನೇ ಕಂಬವನ್ನು ಸರಿಸುತ್ತದೆ, ಇಲ್ಲವೇ ಉದ್ದದ ತುಂಡನ್ನು ಹುಡುಕಿ ತರುತ್ತದೆ. ಅನಂತರದ ತಿಂಗಳುಗಳಲ್ಲಿ ನಾಲ್ಕು ಕಡೆ ಗೋಡೆಯಿಟ್ಟು ಆವರಣ ಮುಚ್ಚುವುದು, ಎಡಬಲ ಸಮನಾಗಿ ಜೋಡಿಸುವುದು, ಕಟ್ಟಿದ್ದಕ್ಕೆ ಹೆಸರಿಡುವುದು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಕೆಳಗಿನ ಹಂತದ ಮುಂದೆ ಒಂದು ಅರಮನೆಯನ್ನೋ ಪಾರ್ಕನ್ನೋ ಕಟ್ಟಲು ಮಗುವಿಗೆ ಜಾಗ ಬಿಟ್ಟುಕೊಟ್ಟರೆ ಈ ಬ್ಲಾಕುಗಳಿಗೆ ಹತ್ತು ದಿನ ಬೇರೆ ಕೆಲಸವಿರುವುದಿಲ್ಲ.

ಆಡುವ ಜಾಗದ ಬಗ್ಗೆ ಒಂದು ಮಾತು. ಚಾಪೆ ಅಥವಾ ಜಮಖಾನದ ಮೇಲೆ ಗೋಪುರ ನಿಲ್ಲುವುದಿಲ್ಲ, ತಪ್ಪು ತನ್ನದೆಂದು ಮಗು ತಿಳಿಯುತ್ತದೆ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಅಥವಾ ಮೊಸಾಯಿಕ್ ಇದಕ್ಕೆ ಬಹಳ ಚೆನ್ನ. ಬೆಳಿಗ್ಗೆ ನೆಲ ಸಾರಿಸುವಾಗ ಕಟ್ಟಿದ್ದನ್ನು ಕೆಡವಬೇಕಾಗಿ ಬಾರದಂತೆ ಎರಡಡಿ ಅಗಲದ ಪ್ಲೈವುಡ್ ಹಲಗೆಯೊಂದನ್ನು ಕೊಟ್ಟು ಅದರ ಮೇಲೆ ಕಟ್ಟಿಸಿದರೆ ನಿನ್ನೆಯ ಕೆಲಸವನ್ನು ಇಂದು ಮುಂದುವರಿಸಬಹುದು.

ಉದ್ದದ ತುಂಡೂ ಸಾಲದಾದಾಗ

ಐದು ಆರರ ವಯಸ್ಸಿನಲ್ಲಿ ಮಗು 28 ಸೆಂ.ಮೀ. ತುಂಡಿಗೂ ನಿಲುಕದ ಸೇತುವೆಯನ್ನು ಬಯಸುತ್ತದೆ. ಹೊಸ ಆಟಿಕೆ ಕೊಡಿಸಬೇಕೆಂದು ದೊಡ್ಡವರಿಗೆ ಅನ್ನಿಸುವುದು ಇಲ್ಲಿಯೇ, ಆದರೆ ಹಳೆಯ ಬ್ಲಾಕುಗಳಲ್ಲಿ ಇನ್ನೂ ಒಂದು ಪಾಠ ಉಳಿದಿದೆ. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಾವೇರಿಗೆ ಕಟ್ಟಿದ ವೆಲ್ಲೆಸ್ಲಿ ಸೇತುವೆಯನ್ನು ಮಗುವಿಗೆ ತೋರಿಸಿರಿ. ಅಲ್ಲಿ ಕಲ್ಲಿನ ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ಉದ್ದನೆಯ ಕಲ್ಲುಗಳಿವೆ. ಕಂಬದಿಂದ ಮುಂದಕ್ಕೆ ಚಾಚಿದ ಬೋದಿಗೆಯು ದಾಟಬೇಕಾದ ಅಂತರವನ್ನು ಕಡಿಮೆ ಮಾಡುತ್ತದೆ.

ಅದನ್ನೇ ನೆಲದ ಮೇಲೆ ಮಾಡೋಣ. ಎರಡು ಕಂಬಗಳ ನಡುವೆ 34 ಸೆಂ.ಮೀ. ಅಂತರವಿದೆ, ನಮ್ಮಲ್ಲಿರುವ ಅತಿ ಉದ್ದದ ತುಂಡು 28. ಸೇತುವೆಯ ದಿಕ್ಕಿನಲ್ಲಿಯೇ ಉದ್ದಕ್ಕೆ ಮಲಗಿಸಿದ ತುಂಡುಗಳನ್ನು ಪೇರಿಸಿ ಎರಡು ಕಡೆಯ ಕಂಬಗಳನ್ನು ಎಬ್ಬಿಸಿ, ಪ್ರತಿಯೊಂದರ ಮೇಲೂ ಒಂದು ಪೂರ್ಣ ತುಂಡನ್ನು ನಾಲ್ಕು ಸೆಂ.ಮೀ. ಒಳಗೆ ಚಾಚುವಂತೆ ಇಟ್ಟರೆ ಉಳಿಯುವ ಅಂತರ 26. ಈಗ ಉದ್ದದ ತುಂಡು ಎರಡು ತುದಿಗಳಲ್ಲಿ ಒಂದೊಂದು ಸೆಂ.ಮೀ. ಕೂರುತ್ತದೆ. ಆದರೆ ಕೈ ಬಿಟ್ಟೊಡನೆ ಎಲ್ಲವೂ ಮುಂದಕ್ಕೆ ಮುಗ್ಗರಿಸುತ್ತದೆ. ಕಾರಣ ಹೀಗಿದೆ: ಉದ್ದದ ತುಂಡಿನ ಅರ್ಧ ತೂಕ, ಅಂದರೆ ಬೋದಿಗೆಯ ತೂಕದಷ್ಟೇ ತೂಕ, ಕಂಬದ ಅಂಚಿನಿಂದ ಮೂರೂವರೆ ಸೆಂ.ಮೀ. ಆಚೆ ಒತ್ತುತ್ತಿದೆ. ಬೋದಿಗೆಯ ನಡುಬಿಂದುವಾದರೋ ಅಂಚಿನಿಂದ ಮೂರೇ ಸೆಂ.ಮೀ. ಈಚೆಗಿದೆ. ಆ ಅರ್ಧ ಸೆಂ.ಮೀ. ಸೇತುವೆಯನ್ನು ಬೀಳಿಸುತ್ತದೆ. ಬೋದಿಗೆಯ ಹಿಂತುದಿಯ ಮೇಲೆ ಇನ್ನೊಂದು ತುಂಡನ್ನು ಹೇರಿದರೆ ನಿಲ್ಲುತ್ತದೆ, ಮೇಲೊಂದು ಆಟದ ಕಾರೂ ಹೋಗುತ್ತದೆ. ಮಗುವಿಗೆ ಈ ಲೆಕ್ಕವನ್ನು ಹೇಳಬೇಕಾಗಿಲ್ಲ, ಹಿಂದೆ ಭಾರ ಇಟ್ಟರೆ ನಿಲ್ಲುತ್ತದೆಂಬುದು ಕೈಗೆ ತಿಳಿದರೆ ಸಾಕು.

ಒತ್ತಿ ಕೂಡಿಸುವ ಇಟ್ಟಿಗೆಗಳು: ಮೊದಲು ದೊಡ್ಡವು, ಆಮೇಲೆ ಚಿಕ್ಕವು

ಡೆನ್ಮಾರ್ಕಿನ ಲೆಗೊ ಕಂಪನಿ 1958ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಗುಬುಟಿನ ಇಟ್ಟಿಗೆಯನ್ನು ಇಂದು ಹಲವರು ತಯಾರಿಸುತ್ತಾರೆ. ಅದರ ಎಲ್ಲ ಅಳತೆಗಳನ್ನೂ ಎರಡರಷ್ಟು ಮಾಡಿದ ದೊಡ್ಡ ಇಟ್ಟಿಗೆಗೆ ಆ ಕಂಪನಿ ಡ್ಯುಪ್ಲೊ ಎಂದು ಹೆಸರಿಟ್ಟಿದೆ. ದೊಡ್ಡವನ್ನು ಎರಡು ವರ್ಷದಿಂದಲೂ ಕೊಡಬಹುದು, ಆದರೆ ಮರದ ಬ್ಲಾಕುಗಳ ಬದಲಿಗೆ ಕೊಡಬಾರದು. ಗುಬುಟು ಕಚ್ಚಿಕೊಳ್ಳುವುದರಿಂದ ತೂಕ ತಪ್ಪಿದ ಗೋಪುರವೂ ನಿಂತುಬಿಡುತ್ತದೆ, ಮೇಲೆ ವಿವರಿಸಿದ ಬೋದಿಗೆಯ ಪಾಠ ಅದರಲ್ಲಿ ಸಿಗುವುದೇ ಇಲ್ಲ.

ಚಿಕ್ಕ ಇಟ್ಟಿಗೆಗಳಿಗೆ ಮಗು ಸಿದ್ಧವಾಗಿದೆಯೆಂದು ತಿಳಿಯಲು ವಯಸ್ಸಿಗಿಂತ ಎರಡು ಗುರುತುಗಳನ್ನು ನೋಡಬೇಕು. ಒಂದು, ಬಾಯಿಗಿಡುವ ಅಭ್ಯಾಸ ಪೂರ್ತಿ ನಿಂತಿರಬೇಕು. ಎರಡು, ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುವಷ್ಟು ಬೆರಳಿಗೆ ಹಿಡಿತ ಬಂದಿರಬೇಕು. ಸಾಮಾನ್ಯವಾಗಿ ಐದರ ಸುಮಾರಿಗೆ ಇವೆರಡೂ ಕೂಡಿಬರುತ್ತವೆ. ಮನೆಯಲ್ಲಿ ತಮ್ಮನೋ ತಂಗಿಯೋ ತೆವಳುತ್ತಿದ್ದರೆ ಚಿಕ್ಕ ಇಟ್ಟಿಗೆಗಳನ್ನು ಊಟದ ಮೇಜಿನ ಮೇಲೆ, ಅಂಚಿರುವ ದೊಡ್ಡ ತಟ್ಟೆಯಲ್ಲಿ ಮಾತ್ರ ಆಡಿಸಬೇಕು. ಇವುಗಳಲ್ಲಿ ಬಹುಪಾಲು ನಾವು ಮಾಡಿಕೊಂಡ ಕಾಗದದ ಕೊಳವೆಯಲ್ಲಿ ಮುಳುಗುವಂತಹವು.

ಅಗ್ಗದ ಸೆಟ್ಟನ್ನು ಕೊಳ್ಳುವುದು ತಪ್ಪಲ್ಲ, ಆದರೆ ಹಿಡಿತವನ್ನು ಪರೀಕ್ಷಿಸಬೇಕು. ಎಂಟು ಇಟ್ಟಿಗೆಗಳನ್ನು ಒಂದರ ಮೇಲೊಂದು ಒತ್ತಿ, ಮೇಲಿನದನ್ನು ಮಾತ್ರ ಹಿಡಿದು ಎತ್ತಿ ಮೆಲ್ಲಗೆ ಅಲುಗಿಸಿರಿ. ನಡುವೆ ಎಲ್ಲಿಯೂ ಬಿಡಬಾರದು, ಬಿಡಿಸುವಾಗ ಹಲ್ಲಿಗೆ ಕೆಲಸ ಕೊಡುವಷ್ಟು ಬಿಗಿಯೂ ಇರಬಾರದು. ಗೋಡೆ ಕಟ್ಟುವಾಗ ಗಾರೆ ಕೆಲಸದವರು ಮಾಡುವಂತೆ ಒಂದು ವರಸೆಯ ಸಂದಿನ ಮೇಲೆ ಮುಂದಿನ ವರಸೆಯ ಇಟ್ಟಿಗೆಯ ನಡುಭಾಗ ಬರಬೇಕೆಂಬುದನ್ನು ಮಗುವಿಗೆ ತೋರಿಸಿಕೊಟ್ಟರೆ ಸೇತುವೆಯ ಗೋಡೆಗಳು ಸೀಳುವುದಿಲ್ಲ. ಚಿತ್ರ ನೋಡಿಕೊಂಡು ಜೋಡಿಸುವ ಪುಸ್ತಿಕೆ ಆರೇಳು ವರ್ಷಕ್ಕೆ ಸರಿ. ಜೋಡಿಸಿದ್ದನ್ನು ಷೋಕೇಸಿನಲ್ಲಿ ಇಟ್ಟುಬಿಟ್ಟರೆ ಮಾತ್ರ ಆ ತುಂಡುಗಳ ಆಟ ಅಲ್ಲಿಗೆ ಮುಗಿಯಿತು.

ಆಯಸ್ಕಾಂತದ ಟೈಲುಗಳ ವಿಷಯದಲ್ಲಿ ಎಚ್ಚರಿಕೆಯನ್ನಷ್ಟೇ ಹೇಳುತ್ತೇನೆ. ಐಎಸ್‌ಐ ಮುದ್ರೆಯಿಲ್ಲದವನ್ನು ಕೊಳ್ಳಬೇಡಿ, ಅಂಚು ಬಿರಿದ ಟೈಲನ್ನು ಆ ಕ್ಷಣವೇ ತೆಗೆದುಹಾಕಿ. ನುಂಗಿದ ಎರಡು ಆಯಸ್ಕಾಂತಗಳು ಕರುಳಿನ ಗೋಡೆಗಳನ್ನು ನಡುವೆ ಸಿಕ್ಕಿಸಿಕೊಂಡು ಪರಸ್ಪರ ಸೆಳೆಯುತ್ತವೆ, ತೂತು ಬೀಳುತ್ತದೆ. ನುಂಗಿದ ಅನುಮಾನ ಬಂದರೂ ಕಾದು ನೋಡದೆ ಆಸ್ಪತ್ರೆಗೆ ಹೋಗಬೇಕು.

ಏಳರಿಂದ ಹತ್ತು ವರ್ಷ: ನಟ್ಟು, ಬೋಲ್ಟು, ಹಲ್ಲುಚಕ್ರ

ತೂತುಗಳಿರುವ ಲೋಹದ ಪಟ್ಟಿಗಳನ್ನು ಬೋಲ್ಟು ಹಾಕಿ ಬಿಗಿಯುವ ಆಟಿಕೆಗೆ ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಪಡೆದರು. ನಮ್ಮಲ್ಲಿ ಈ ಬಗೆಯದು ಮೆಕ್ಯಾನಿಕ್ಸ್ ಎಂಬ ಹೆಸರಿನಲ್ಲಿ ಪರಿಚಿತವಾಗಿದೆ. ಒಂದು ಕೈಯಲ್ಲಿ ನಟ್ಟನ್ನು ಹಿಡಿದು ಇನ್ನೊಂದರಲ್ಲಿ ಸ್ಕ್ರೂಡ್ರೈವರ್ ತಿರುಗಿಸುವುದು ಏಳು ವರ್ಷಕ್ಕೆ ಮೊದಲು ಹೆಚ್ಚಿನ ಮಕ್ಕಳಿಗೆ ಸಾಧ್ಯವಾಗದು, ಆಗ ಬೋಲ್ಟು ಬಿಗಿಯುವುದೆಲ್ಲ ಅಪ್ಪನ ಪಾಲಿಗೆ ಬರುತ್ತದೆ.

ಇಲ್ಲಿ ಸೇತುವೆಗೆ ಹೊಸ ತೊಡಕು ಬರುತ್ತದೆ. ನಾಲ್ಕು ಪಟ್ಟಿಗಳನ್ನು ಮೂಲೆಗಳಲ್ಲಿ ಒಂದೊಂದು ಬೋಲ್ಟಿನಿಂದ ಸೇರಿಸಿ ಚೌಕ ಮಾಡಿದರೆ, ಎಷ್ಟು ಬಿಗಿದರೂ ಅದು ಪಕ್ಕಕ್ಕೆ ವಾಲಿ ಓರೆಯಾಗುತ್ತದೆ. ಒಂದು ಕರ್ಣಪಟ್ಟಿ ಹಾಕಿ ಎರಡು ತ್ರಿಕೋನಗಳಾಗಿ ಒಡೆದರೆ ಅಲುಗುವುದಿಲ್ಲ. ಇಷ್ಟನ್ನು ಎಲ್ಲರೂ ಹೇಳಿಕೊಡುತ್ತಾರೆ. ಆದರೆ ಚೌಕಕ್ಕೆ ಕರ್ಣ ಹಾಕಲು ಹೋದ ಮಗು ಪಟ್ಟಿಯ ತೂತು ಮೂಲೆಯ ತೂತಿಗೆ ಸರಿಯಾಗಿ ಬಾರದೆ ಪಟ್ಟಿಯನ್ನೇ ಬಗ್ಗಿಸಿಬಿಡುತ್ತದೆ. ಚೌಕದ ಕರ್ಣ ತೂತುಗಳ ಅಂತರಕ್ಕೆ ಪೂರ್ಣಸಂಖ್ಯೆಯಲ್ಲಿ ಎಂದಿಗೂ ಹೊಂದದು. ಆದ್ದರಿಂದ ಚೌಕದ ಬದಲು ಆಯತ ಮಾಡಿಸಬೇಕು. ಒಂದು ಬದಿಯಲ್ಲಿ ಮೂರು ಅಂತರ, ಅಂದರೆ ನಾಲ್ಕನೆಯ ತೂತಿಗೆ ಬೋಲ್ಟು, ಇನ್ನೊಂದು ಬದಿಯಲ್ಲಿ ನಾಲ್ಕು ಅಂತರ, ಅಂದರೆ ಐದನೆಯ ತೂತಿಗೆ ಬೋಲ್ಟು. ಆಗ ಕರ್ಣ ಸರಿಯಾಗಿ ಐದು ಅಂತರವಾಗಿ ಆರನೆಯ ತೂತಿಗೆ ಬೋಲ್ಟು ಸಲೀಸಾಗಿ ಇಳಿಯುತ್ತದೆ. ಪಟ್ಟಿ ಅದಕ್ಕಿಂತ ಉದ್ದವಿದ್ದರೆ ಹೊರಗೆ ಚಾಚಿಕೊಂಡಿರಲಿ, ಅಡ್ಡಿಯಿಲ್ಲ. ಇಂತಹ ಆಯತಗಳನ್ನು ಸಾಲಾಗಿ ಸೇರಿಸಿ ಎರಡು ಪಕ್ಕೆಗಳನ್ನು ಮಾಡಿ, ನಡುವೆ ಅಡ್ಡಪಟ್ಟಿಗಳನ್ನು ಹಾಕಿದರೆ ರೈಲು ಸೇತುವೆಯಂತಹದೊಂದು ನಿಲ್ಲುತ್ತದೆ. ಮೊದಲು ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿ ಹಾಕಿ, ಆಕಾರ ಕೂಡಿದ ಮೇಲೆಯೇ ಬಿಗಿಯಬೇಕು.

ಅಲುಗದಂತೆ ಕಟ್ಟಲು ಕಲಿತ ಮೇಲೆ ತಿರುಗುವಂತೆ ಕಟ್ಟುವುದು ಮುಂದಿನ ಕೆಲಸ. ಒಂಬತ್ತರ ಹೊತ್ತಿಗೆ ಹಲ್ಲುಚಕ್ರಗಳ ಸೆಟ್ಟು ಕೊಟ್ಟು, ರಸ್ತೆ ಬದಿಯ ಕಬ್ಬಿನ ಹಾಲಿನ ಯಂತ್ರವನ್ನು ಮಾಡಲು ಹೇಳಿರಿ. ಮಂಡ್ಯದ ಮಕ್ಕಳಿಗೆ ಅದನ್ನು ಪರಿಚಯಿಸಬೇಕಾಗಿಲ್ಲ. ಎರಡು ಸಮಾನ ಚಕ್ರಗಳು, ಉದಾಹರಣೆಗೆ 24 ಹಲ್ಲಿನವು, ಒಂದಕ್ಕೊಂದು ಕಚ್ಚಿದರೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಅವುಗಳ ಅಚ್ಚಿಗೆ ರಬ್ಬರ್ ಟೈರಿನ ಗಾಲಿಗಳನ್ನು ಸಿಕ್ಕಿಸಿದರೆ ಅವೇ ರೋಲರುಗಳು. ಕಬ್ಬಿನ ಬದಲು ಕಾಗದದ ಪಟ್ಟಿಯನ್ನು ಕೊಟ್ಟರೆ ಒಳಗೆ ಎಳೆದುಕೊಂಡು ಆಚೆ ಬಿಡಬೇಕು. ನಡುವೆ ಮೂರನೆಯ ಚಕ್ರವೊಂದನ್ನು ಸೇರಿಸಿದರೆ ಎರಡೂ ರೋಲರುಗಳು ಒಂದೇ ದಿಕ್ಕಿಗೆ ತಿರುಗಿ ಕಾಗದ ಒಳಗೆ ಹೋಗುವುದಿಲ್ಲ. ಹೀಗೆ ಬೇಕೆಂದೇ ಕೆಡಿಸಿ ನೋಡಿದ ಮಗುವಿಗೆ ಚಕ್ರಗಳ ದಿಕ್ಕು ಮತ್ತೆ ಮರೆಯುವುದಿಲ್ಲ. ಹಿಡಿಯನ್ನು ಎಂಟು ಹಲ್ಲಿನ ಚಿಕ್ಕ ಚಕ್ರಕ್ಕೆ ಹಾಕಿದರೆ ಮೂರು ಸುತ್ತಿಗೆ ರೋಲರು ಒಂದು ಸುತ್ತು ತಿರುಗುತ್ತದೆ, ಕೈಗೆ ಹಗುರವಾಗುತ್ತದೆ.

ದಪ್ಪ ರಟ್ಟನ್ನು ಕೊಟ್ಟಾಗ ಕಟಕಟ ಸದ್ದಾಗಿ ಹಲ್ಲುಗಳು ಜಾರಿದರೆ ದೋಷ ಚಕ್ರದಲ್ಲಿಲ್ಲ, ಚೌಕಟ್ಟಿನಲ್ಲಿದೆ. ಅಚ್ಚಿಗೆ ಒಂದೇ ಬದಿಯಲ್ಲಿ ಆಧಾರವಿದ್ದರೆ ಒತ್ತಡಕ್ಕೆ ಅದು ಬಾಗಿ ಚಕ್ರಗಳು ದೂರ ಸರಿಯುತ್ತವೆ. ಎರಡು ಬದಿಯಲ್ಲೂ ಆಧಾರ ಕೊಟ್ಟು, ಆ ಆಧಾರಗಳನ್ನು ಅಡ್ಡಪಟ್ಟಿಯಿಂದ ಬಿಗಿದರೆ ಸರಿಹೋಗುತ್ತದೆ. ಕೈಯಲ್ಲಿ ತಿರುಗಿಸಿದಾಗ ಯಂತ್ರ ಜಾರದೆ ನಡೆದ ಮೇಲೆಯೇ ಬ್ಯಾಟರಿಯ ಮೋಟಾರು ಕೊಡಿಸಿರಿ. ಮೋಟಾರನ್ನು ನೇರವಾಗಿ ರೋಲರಿನ ಅಚ್ಚಿಗೆ ಜೋಡಿಸಿದರೆ ಅದು ಗಿರ್ರನೆ ತಿರುಗಿ, ಕಾಗದ ಸಿಕ್ಕಿದೊಡನೆ ನಿಂತುಬಿಡುತ್ತದೆ. ಮೋಟಾರಿಗೆ ಚಿಕ್ಕ ಚಕ್ರ, ರೋಲರಿಗೆ ದೊಡ್ಡ ಚಕ್ರ ಹಾಕಬೇಕು, ಒಂದು ಜೋಡಿ ಸಾಲದಿದ್ದರೆ ಇನ್ನೊಂದು ಜೋಡಿಯನ್ನು ಸೇರಿಸಬೇಕು.